ಹದಿನಾರು ಬಟ್ಟೆ ಕೊಟ್ಟೆ, ಹದಿನೆಂಟಕ್ಕೆ ಬಿಲ್ ಬಂತು: ಅರ್ಜೆಂಟ್ ಶುಲ್ಕವನ್ನು ಯಾವುದರ ಮೇಲೆ ಹಾಕಬೇಕು?

ಮೂರನೇ ಮಹಡಿ
ಲಾಂಡ್ರಿ ಬಿಲ್ಲಿನ ಬಗ್ಗೆ ಒಂದು ಪ್ರಶ್ನೆ. ಸೋಮವಾರ ಬೆಳಿಗ್ಗೆ ಅಂಗಡಿಯ ಹುಡುಗ ಮನೆಗೆ ಬಂದು ಬಟ್ಟೆ ಒಯ್ದ. ಎರಡು ಹತ್ತಿ ಸೀರೆ ಮತ್ತು ಎರಡು ಬಿಳಿ ಶರ್ಟ್ ಬುಧವಾರದ ಸಮಾರಂಭಕ್ಕೆ ಬೇಕಿದ್ದವು. ಆ ನಾಲ್ಕನ್ನು ಬೇರೆ ಚೀಲದಲ್ಲಿ ಹಾಕಿ, "ಇವಕ್ಕೆ ಗಂಜಿ ಹಾಕಿ, ಮಂಗಳವಾರ ಸಂಜೆಗೆ ಬೇಕು" ಎಂದು ಹೇಳಿದ್ದೆ. ಉಳಿದ ಬಟ್ಟೆಗೆ ಅವಸರವಿಲ್ಲ ಎಂದೂ ಹೇಳಿದ್ದೆ. ನಾಲ್ಕು ಬಟ್ಟೆ ಮಂಗಳವಾರ ಬಂದವು, ಉಳಿದವು ಶುಕ್ರವಾರ ಬಂದವು. ಹಣವನ್ನು ಮಂಗಳವಾರವೇ ಪೂರ್ತಿ ಕೊಟ್ಟಿದ್ದೆ, ಬಿಲ್ಲನ್ನು ನಿಧಾನವಾಗಿ ನೋಡಿದ್ದು ಮಾತ್ರ ನಿನ್ನೆ. ಹೀಗಿದೆ:

ಶರ್ಟ್ 6 × 30 = 180
ಪ್ಯಾಂಟ್ 4 × 40 = 160
ಹತ್ತಿ ಸೀರೆ 2 × 100 = 200
ರೇಷ್ಮೆ ಸೀರೆ, ಡ್ರೈ ಕ್ಲೀನ್ 1 × 260 = 260
ಬೆಡ್‌ಶೀಟ್, ಡಬಲ್ 2 × 60 = 120
ಚೂಡಿದಾರ್ 3 × 40 = 120
ಗಂಜಿ, 8 ಪೀಸ್ = 170
ಪಿಕಪ್ = 60
ಅರ್ಜೆಂಟ್ 50% = 635
ಒಟ್ಟು 1905 ರೂ., 18 ಪೀಸ್

ಕೊಟ್ಟದ್ದು ಹದಿನಾರು ಬಟ್ಟೆ ಎಂದು ನನಗೆ ಚೆನ್ನಾಗಿ ನೆನಪಿದೆ, ಎಣಿಸಿಯೇ ಕೊಟ್ಟಿದ್ದೆ. ಅರ್ಜೆಂಟ್ ಎಂದು 635 ಹಾಕಿರುವುದು ಸರಿಯೇ? ನಾನು ಜಗಳಕ್ಕೆ ಹೋಗುವ ಮೊದಲು ಯಾರಾದರೂ ಲೆಕ್ಕ ನೋಡಿ ಹೇಳಿ.

ಲೆಕ್ಕದ ಪುಸ್ತಕ
635 ಎಲ್ಲಿಂದ ಬಂತು ಎನ್ನುವುದು ಸುಲಭ. ಬಟ್ಟೆಗಳ ಮೊತ್ತ 1040. ಅದಕ್ಕೆ ಗಂಜಿ 170, ಪಿಕಪ್ 60 ಸೇರಿಸಿದರೆ 1270. ಅದರ ಅರ್ಧ 635. ಅಂದರೆ ಎಲ್ಲವನ್ನೂ ಕೂಡಿಸಿ, ಕೊನೆಯಲ್ಲಿ ಒಂದೇ ಏಟಿಗೆ ಐವತ್ತು ಪ್ರತಿಶತ ಜಡಿದಿದ್ದಾರೆ. ಹುಡುಗ ಬಾಗಿಲಿಗೆ ಬಂದು ಹೋದದ್ದಕ್ಕೂ ನೀವು ಮೂವತ್ತು ರೂಪಾಯಿ ಅರ್ಜೆಂಟ್ ಶುಲ್ಕ ಕೊಟ್ಟಿದ್ದೀರಿ.

ಸುಕನ್ಯಾ
ಹದಿನೆಂಟು ಹೇಗಾಯಿತು ಎಂದರೆ ಚೂಡಿದಾರ್. ಕಮೀಜು, ಪ್ಯಾಂಟು, ದುಪಟ್ಟಾ ಮೂರನ್ನೂ ಬೇರೆ ಬೇರೆ ಎಣಿಸಿದ್ದಾರೆ. ನಿಮ್ಮ ಲೆಕ್ಕದಲ್ಲಿ ಅದು ಒಂದು ಸೆಟ್. ನನಗೂ ಹೀಗೆಯೇ ಆಗಿತ್ತು. ದರಪಟ್ಟಿಯಲ್ಲಿ "ಸೆಟ್" ಎಂಬ ಸಾಲು ಇದೆಯೇ ನೋಡಿ.

ಮೂರನೇ ಮಹಡಿ
ಇದೆ! ಸೆಟ್ಟಿಗೆ 90 ಎಂದಿದೆ. ಅಂದರೆ ಮೂವತ್ತು ಹೆಚ್ಚು ಹಿಡಿದಿದ್ದಾರೆ. ಬಟ್ಟೆಯ ಮೊತ್ತ 1010 ಆಗಬೇಕಿತ್ತು.

ದೊಡ್ಡ ಚೀಲ
ಇದರಲ್ಲಿ ತಪ್ಪೇನೂ ಇಲ್ಲ. ಒಂದು ಬಿಲ್ ಎಂದರೆ ಒಂದು ಆರ್ಡರ್. ಆರ್ಡರ್ ಅರ್ಜೆಂಟ್ ಆದರೆ ಪೂರ್ತಿ ಅರ್ಜೆಂಟ್. ಅರ್ಧ ಅರ್ಜೆಂಟ್, ಅರ್ಧ ನಿಧಾನ ಎಂದು ಯಾವ ಅಂಗಡಿಯೂ ಲೆಕ್ಕ ಇಡುವುದಿಲ್ಲ. ಬೇಕಾದರೆ ಎರಡು ಚೀಟಿ ಮಾಡಿಸಬೇಕಿತ್ತು.

ಲೆಕ್ಕದ ಪುಸ್ತಕ
ಹಾಗಾದರೆ ಉಳಿದ ಬಟ್ಟೆಗಳೂ ಮಂಗಳವಾರವೇ ಬರಬೇಕಿತ್ತಲ್ಲ? ಶುಕ್ರವಾರ ತಲುಪಿಸಿದ ಬೆಡ್‌ಶೀಟಿಗೆ ಅರ್ಜೆಂಟ್ ಹಣ ಯಾವ ನ್ಯಾಯ?

ಹಳೇ ಕೌಂಟರ್
ಹನ್ನೊಂದು ವರ್ಷ ಲಾಂಡ್ರಿಯ ಕೌಂಟರಿನಲ್ಲಿ ಕುಳಿತು ಬಿಲ್ ಬರೆದವನು ನಾನು. ಈಗ ಆ ಕೆಲಸದಲ್ಲಿಲ್ಲ, ಹಾಗಾಗಿ ಯಾರ ಪರವೂ ಮಾತನಾಡಬೇಕಾಗಿಲ್ಲ.

ದೊಡ್ಡ ಚೀಲ ಅವರು ಹೇಳಿದ್ದರಲ್ಲಿ ಒಂದು ಸತ್ಯವಿದೆ. ಬಿಲ್ ಮಾಡುವ ಸಾಫ್ಟ್‌ವೇರಿನಲ್ಲಿ ಅನೇಕ ಕಡೆ ಅರ್ಜೆಂಟ್ ಎಂಬ ಗುಂಡಿ ಇಡೀ ಬಿಲ್ಲಿಗೆ ಒಂದೇ ಇರುತ್ತದೆ. ಅದನ್ನು ಒತ್ತಿದರೆ ಕೆಳಗಿನ ಮೊತ್ತಕ್ಕೆ ಪ್ರತಿಶತ ಸೇರುತ್ತದೆ. ಸಾಲು ಸಾಲಿಗೆ ಗುರುತು ಹಾಕುವ ಸೌಕರ್ಯವಿದ್ದರೂ ನೂಕುನುಗ್ಗಲಿನಲ್ಲಿ ಯಾರೂ ಆ ತಂಟೆಗೆ ಹೋಗುವುದಿಲ್ಲ. ನಾವು ಕೈಯಲ್ಲಿ ಬರೆಯುವಾಗ ಅರ್ಜೆಂಟ್ ಬಟ್ಟೆಗೆ ಕೆಂಪು ಚೀಟಿ, ಉಳಿದವಕ್ಕೆ ಬಿಳಿ ಚೀಟಿ ಮಾಡುತ್ತಿದ್ದೆವು. ಎರಡು ಚೀಟಿ ಎಂದರೆ ಎರಡು ಬಿಲ್. ಆದ್ದರಿಂದ ಎರಡು ಚೀಟಿ ಕೇಳುವುದು ಜಾಣತನ. ಆದರೆ ಗಿರಾಕಿ ಕೇಳಲಿಲ್ಲ ಎಂಬುದು, ಶುಕ್ರವಾರ ಕೊಟ್ಟ ಬಟ್ಟೆಗೆ ಮಂಗಳವಾರದ ದರ ಹಾಕಲು ಕಾರಣವಾಗುವುದಿಲ್ಲ.

ಅರ್ಜೆಂಟ್ ಶುಲ್ಕ ಏಕೆ ಇದೆ ಎಂದು ಯೋಚಿಸಿದರೆ ಯಾವುದರ ಮೇಲೆ ಹಾಕಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಅಂಗಡಿಯಲ್ಲಿ ಬಿಳಿಯದು ಬಿಳಿಯದರ ಜೊತೆ, ಬಣ್ಣದ್ದು ಬಣ್ಣದ್ದರ ಜೊತೆ ಸೇರಿ ಯಂತ್ರ ತುಂಬುವ ತನಕ ಕಾಯುತ್ತಾರೆ. ನಿಮ್ಮ ಎರಡು ಬಿಳಿ ಶರ್ಟಿಗೆ ಅವಸರವಿದ್ದರೆ ಯಂತ್ರವನ್ನು ಅರ್ಧ ಖಾಲಿ ಓಡಿಸಬೇಕು, ಇಲ್ಲವೇ ಕೈಯಲ್ಲಿ ಒಗೆಯಬೇಕು. ಇಸ್ತ್ರಿಯವನ ಸರದಿಯಲ್ಲಿದ್ದ ಬೇರೆಯವರ ಬಟ್ಟೆಯನ್ನು ಪಕ್ಕಕ್ಕಿಟ್ಟು ನಿಮ್ಮದನ್ನು ಮೊದಲು ಮಾಡಿಸಬೇಕು. ಆ ಖರ್ಚಿಗೆ ಅರ್ಜೆಂಟ್ ಹಣ. ಸರದಿ ಮುರಿಯದ ಬಟ್ಟೆಗೆ ಅದು ಅನ್ವಯಿಸುವುದಿಲ್ಲ.

ಇನ್ನೊಂದು ಮಾತು. ಆ ರೇಷ್ಮೆ ಸೀರೆಯನ್ನು ಅವರು ಅಲ್ಲಿಯೇ ಡ್ರೈ ಕ್ಲೀನ್ ಮಾಡಿರುವ ಸಾಧ್ಯತೆ ಕಡಿಮೆ. ಸಣ್ಣ ಅಂಗಡಿಗಳು ಅದನ್ನು ಹೊರಗಿನ ಘಟಕಕ್ಕೆ ಕಳುಹಿಸುತ್ತವೆ. ಅಲ್ಲಿಂದ ಗಾಡಿ ಬಂದಾಗಲೇ ಬಟ್ಟೆ ಬರುತ್ತದೆ, ಕೌಂಟರಿನವನು ತಲೆಕೆಳಗಾಗಿ ನಿಂತರೂ ಅದನ್ನು ಅವಸರಪಡಿಸಲಾರ. ಸೀರೆಯ ಅಂಚಿನಲ್ಲಿ ಎರಡು ಗುರುತಿನ ಚೀಟಿಗಳಿವೆಯೇ ನೋಡಿ.

ನೀಲಿ ಬಕೆಟ್
ನನ್ನ ರೇಷ್ಮೆ ಸೀರೆಯ ಜರಿ ಕಪ್ಪಾಗಿ ಬಂತು. ಕೇಳಿದರೆ ಬಿಲ್ಲಿನ ಹಿಂಬದಿ ತೋರಿಸಿದರು. ಹಾನಿಯಾದರೆ ಒಗೆಯುವ ದರದ ಹತ್ತು ಪಟ್ಟು ಮಾತ್ರ ಕೊಡುತ್ತಾರಂತೆ. ಸೀರೆಯ ಬೆಲೆ ಅದರ ನಾಲ್ಕು ಪಟ್ಟು. ನಿಮ್ಮ ಸೀರೆಯ ಜರಿಯನ್ನು ಮೊದಲು ಬೆಳಕಿನಲ್ಲಿ ಹಿಡಿದು ನೋಡಿ, ಹಣ ಆಮೇಲೆ.

ಮೂರನೇ ಮಹಡಿ
ಜರಿ ಸರಿಯಾಗಿದೆ, ನನ್ನ ಪ್ರಶ್ನೆ ಬಿಲ್ಲಿನದು. ಆದರೆ ಹಳೇ ಕೌಂಟರ್ ಅವರೇ, ನೀವು ಹೇಳಿದ್ದು ನಿಜ. ಫಾಲ್ ಹೊಲಿದಿರುವ ಅಂಚಿನ ಒಳಮೂಲೆಯಲ್ಲಿ ಎರಡು ತುಂಡುಗಳಿವೆ. ಒಂದು ಬಿಳಿ ಬಟ್ಟೆಯ ಪಟ್ಟಿ, ಅದರ ಮೇಲೆ ನಮ್ಮ ಬಿಲ್ಲಿನ ಸಂಖ್ಯೆ. ಇನ್ನೊಂದು ಹಳದಿ ಕಾಗದ, ನೀರಿಗೆ ಹರಿಯದಂಥದು, ಅದರ ಮೇಲೆ ಬೇರೆ ಸಂಖ್ಯೆ ಮತ್ತು ಗುರುವಾರದ ತಾರೀಖು. ಪಿನ್ನು ಹೊಡೆದಿದ್ದಾರೆ, ತೆಗೆಯಲು ಮರೆತಿದ್ದಾರೆ. ಅಂದರೆ ಗುರುವಾರ ಘಟಕದಿಂದ ಹೊರಟ ಸೀರೆಗೆ ನಾನು 130 ರೂಪಾಯಿ ಅರ್ಜೆಂಟ್ ಕೊಟ್ಟಿದ್ದೇನೆ.

ಲೆಕ್ಕದ ಪುಸ್ತಕ
ಆ ಹಳದಿ ಚೀಟಿಯನ್ನು ಕಿತ್ತು ಬಿಸಾಡಬೇಡಿ. ಫೋಟೋ ತೆಗೆದಿಡಿ.

ದೊಡ್ಡ ಚೀಲ
ಸರಿ, ರೇಷ್ಮೆ ಸೀರೆಯ ವಿಷಯ ಒಪ್ಪಿದೆ. ಆದರೂ ಪಿಕಪ್ ಮೇಲೆ ಅರ್ಜೆಂಟ್ ಹಾಕಿದ್ದು ತಪ್ಪಲ್ಲ. ಹುಡುಗ ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ ಬಂದಿದ್ದಾನೆ. ಎರಡು ಸಲ ಪೆಟ್ರೋಲ್ ಸುಟ್ಟಿದೆ. ಮೂವತ್ತು ರೂಪಾಯಿಗೆ ಎರಡನೇ ಸುತ್ತು ಹೊಡೆಯುವವರು ಯಾರಿದ್ದಾರೆ?

ಸುಕನ್ಯಾ
ಪಿಕಪ್ ಎಂದರೆ ಒಯ್ಯುವುದಕ್ಕೆ ಮಾತ್ರವೇ, ತಂದುಕೊಡುವುದಕ್ಕೂ ಸೇರಿಯೇ?

ಹಳೇ ಕೌಂಟರ್
ಇದಕ್ಕೆ ಎಲ್ಲ ಕಡೆಯೂ ಒಂದೇ ಉತ್ತರವಿಲ್ಲ. ಕೆಲವರು ಬಂದುಹೋಗುವ ಒಂದು ಸುತ್ತಿಗೆ ಎಂದು ಹಾಕುತ್ತಾರೆ, ಕೆಲವರು ಒಯ್ಯುವುದಕ್ಕೆ ಹಣ ಹಾಕಿ ತಂದುಕೊಡುವುದನ್ನು ಉಚಿತ ಎನ್ನುತ್ತಾರೆ. ಎರಡನೇ ಸಲ ಬಂದದ್ದಕ್ಕೆ ಹಣ ಬೇಕಿದ್ದರೆ "ಎರಡನೇ ಡೆಲಿವರಿ" ಎಂದು ಬೇರೆ ಸಾಲು ಬರೆಯಬೇಕು. ಅದನ್ನು ಪ್ರತಿಶತದೊಳಗೆ ಅಡಗಿಸಿದರೆ ದೊಡ್ಡ ಬಿಲ್ಲಿನವನೂ ಸಣ್ಣ ಬಿಲ್ಲಿನವನೂ ಒಂದೇ ದೂರಕ್ಕೆ ಬೇರೆ ಬೇರೆ ಹಣ ಕೊಟ್ಟಂತಾಗುತ್ತದೆ. ಪಿಕಪ್ ಒಂದು ಸಲಕ್ಕೆ ಇಷ್ಟು ಎಂಬ ಶುಲ್ಕ, ಬಟ್ಟೆಯ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಹಾಗಾಗಿ ಅದರ ಮೇಲೆ ಪ್ರತಿಶತ ಹಾಕುವುದನ್ನು ನಾನು ಎಂದೂ ಒಪ್ಪಿಲ್ಲ.

ಬಿಸಿ ಇಸ್ತ್ರಿ
ಇಷ್ಟೆಲ್ಲ ತಲೆನೋವು ಏಕೆ? ಕಿಲೋ ಲೆಕ್ಕದಲ್ಲಿ ಕೊಡಿ, ತೂಕ ಹಾಕಿ ಹಣ ಕೊಟ್ಟರೆ ಮುಗಿಯಿತು.

ಸುಕನ್ಯಾ
ಕಿಲೋ ಲೆಕ್ಕದಲ್ಲಿ ಗಂಜಿ ಹಾಕುವವರನ್ನು ನಾನಂತೂ ಕಂಡಿಲ್ಲ. ಒಗೆದು, ಒಣಗಿಸಿ, ಮಡಿಸಿ ಕೊಡುತ್ತಾರೆ. ಅದೂ ಅಲ್ಲದೆ ಶರ್ಟಿಗೆ ಲಾಭವಾದದ್ದು ಬೆಡ್‌ಶೀಟಿಗೆ ನಷ್ಟವಾಗುತ್ತದೆ. ಒಂದು ಕಿಲೋಗೆ ನಾಲ್ಕು ಶರ್ಟ್ ಬರುತ್ತವೆ, ಆದರೆ ಡಬಲ್ ಬೆಡ್‌ಶೀಟ್ ಒಂದೇ ಕಿಲೋ ಹತ್ತಿರ ತೂಗುತ್ತದೆ. ಕಿಲೋಗೆ 90 ಎಂದಿಟ್ಟುಕೊಳ್ಳಿ. ನಾಲ್ಕು ಶರ್ಟ್ ಪೀಸ್ ದರದಲ್ಲಿ 120 ಆಗುವುದು ಕಿಲೋದಲ್ಲಿ 90ಕ್ಕೆ ಮುಗಿಯುತ್ತದೆ. ಅದೇ ಬೆಡ್‌ಶೀಟ್ ಪೀಸ್ ದರದಲ್ಲಿ 60, ಕಿಲೋದಲ್ಲಿ 90 ಹತ್ತಿರ. ನಾನು ಭಾರದ್ದನ್ನು ಪೀಸಿಗೆ, ಹಗುರದ್ದನ್ನು ಕಿಲೋಗೆ ಕೊಡುತ್ತೇನೆ. ಅಂಗಡಿಯವನು ನನ್ನನ್ನು ಕಂಡರೆ ನಿಟ್ಟುಸಿರು ಬಿಡುತ್ತಾನೆ.

ಬಿಸಿ ಇಸ್ತ್ರಿ
ನಿಮ್ಮಂಥವರಿಂದಲೇ ಕಿಲೋ ದರ ಏರುತ್ತದೆ.

ಲೆಕ್ಕದ ಪುಸ್ತಕ
ವಿಷಯಕ್ಕೆ ಬರೋಣ. ಗಂಜಿಯ ಸಾಲನ್ನು ಯಾರೂ ನೋಡಲಿಲ್ಲವೇ? ನಾಲ್ಕು ಬಟ್ಟೆಗೆ ಹೇಳಿದ್ದು, ಬಿಲ್ಲಿನಲ್ಲಿ ಎಂಟು ಇದೆ. ಆರು ಶರ್ಟ್, ಎರಡು ಸೀರೆ ಎಂದು ಹಿಡಿದಂತಿದೆ. ಗಂಜಿಯ ದರ ಎಷ್ಟು?

ಮೂರನೇ ಮಹಡಿ
ಸೀರೆಗೆ 40, ಶರ್ಟಿಗೆ 15. ಹೌದು, ಎರಡು ಸೀರೆ 80, ಆರು ಶರ್ಟ್ 90, ಒಟ್ಟು 170. ನಾನು ಹೇಳಿದಂತೆ ಎರಡೇ ಶರ್ಟ್ ಆದರೆ 80 ಮತ್ತು 30 ಸೇರಿ 110. ಆದರೆ ಅವರು "ಹಾಕಿದ್ದೇವೆ, ಅದಕ್ಕೇ ಹಿಡಿದಿದ್ದೇವೆ" ಎಂದರೆ ನಾನೇನು ಹೇಳಲಿ? ಉಳಿದ ನಾಲ್ಕು ಶರ್ಟ್ ಮುಟ್ಟಿದರೆ ಸ್ವಲ್ಪ ಗಡುಸಾಗಿಯೇ ಇವೆ.

ಹಳೇ ಕೌಂಟರ್
ಹೊಸ ಇಸ್ತ್ರಿಯ ಗಡುಸಿಗೆ ಮೋಸ ಹೋಗಬೇಡಿ. ಹಬೆ ಕೊಟ್ಟು ಒತ್ತಿ ಇಸ್ತ್ರಿ ಮಾಡಿದ ಬಟ್ಟೆ ಒಂದೆರಡು ದಿನ ಗರಿಗರಿಯಾಗಿಯೇ ಇರುತ್ತದೆ. ಆ ನಾಲ್ಕು ಶರ್ಟ್ ಯಾವ ಬಟ್ಟೆಯವು? ಒಳಗಿನ ಪಟ್ಟಿ ಓದಿ.

ಮೂರನೇ ಮಹಡಿ
ಮೂರರಲ್ಲಿ ಪಾಲಿಯೆಸ್ಟರ್ 65, ಹತ್ತಿ 35 ಎಂದಿದೆ. ಒಂದು ಪೂರ್ತಿ ಹತ್ತಿ, ಕಡು ನೀಲಿ.

ಹಳೇ ಕೌಂಟರ್
ಹಾಗಿದ್ದರೆ ಹಾಕಿದ್ದರೂ ದಂಡವೇ. ಗಂಜಿ ಹಿಡಿದುಕೊಳ್ಳುವುದು ಹತ್ತಿಯ ಎಳೆಯನ್ನು. ಪಾಲಿಯೆಸ್ಟರ್ ನೀರನ್ನೇ ಹೀರುವುದಿಲ್ಲ, ಗಂಜಿ ಮೇಲೆ ಪೊರೆಯಂತೆ ನಿಂತು ಇಸ್ತ್ರಿ ಪೆಟ್ಟಿಗೆಗೆ ಅಂಟಿಕೊಂಡು ಉದುರುತ್ತದೆ. ಕಡು ನೀಲಿ ಹತ್ತಿಗೆ ಬಿಳಿ ಬಟ್ಟೆಗೆ ಮಾಡಿದ ಮಂದ ಗಂಜಿ ಹಾಕಿದ್ದರೆ ಮಡಿಕೆಯಲ್ಲಿ, ಕಾಲರಿನ ಅಂಚಿನಲ್ಲಿ ಬೂದಿಯಂಥ ಬಿಳಿ ಗೆರೆ ಕಾಣಬೇಕು. ಕಾಣುತ್ತಿದೆಯೇ?

ಮೂರನೇ ಮಹಡಿ
ಇಲ್ಲ, ಸ್ವಚ್ಛವಾಗಿದೆ.

ನೀಲಿ ಬಕೆಟ್
ಗಂಜಿ ಹಾಕಿದ ಬಟ್ಟೆಯನ್ನು ಬಹಳ ದಿನ ಮಡಿಸಿಡಬೇಡಿ. ನಮ್ಮ ಮನೆಯಲ್ಲಿ ಬೆಳ್ಳಿ ಹುಳು ಬಂದು ಮಡಿಕೆಯ ಜಾಗದಲ್ಲಿ ಜಾಲರಿ ಮಾಡಿಬಿಟ್ಟಿತು.

ಪ್ರಯೋಗಶಾಲೆ
ಅನುಮಾನ ತೀರಿಸಿಕೊಳ್ಳಲು ಒಂದು ಉಪಾಯವಿದೆ. ಶರ್ಟಿನ ಕೆಳ ಅಂಚನ್ನು, ಪ್ಯಾಂಟಿನೊಳಗೆ ಹೋಗುವ ಭಾಗವನ್ನು, ಒಂದು ಲೋಟದಲ್ಲಿ ಎರಡು ಬೆರಳಷ್ಟು ಬಿಸಿ ನೀರು ಹಾಕಿ ಐದು ನಿಮಿಷ ಅದ್ದಿಡಿ. ಹಿಂಡಿ ತೆಗೆಯಿರಿ. ನೀರು ಪೂರ್ತಿ ಆರಿದ ಮೇಲೆ ಅದಕ್ಕೆ ಟಿಂಕ್ಚರ್ ಅಯೋಡಿನ್ ಒಂದು ಹನಿ ಹಾಕಿ. ಗಂಜಿ ಇದ್ದರೆ ನೀರು ನೀಲಿ ಅಥವಾ ಕಡು ನೀಲಿಯಾಗುತ್ತದೆ. ಇಲ್ಲದಿದ್ದರೆ ಚಹಾದ ಬಣ್ಣದಲ್ಲೇ ಉಳಿಯುತ್ತದೆ. ನೀರು ಬಿಸಿಯಿದ್ದಾಗ ಹಾಕಿದರೆ ನೀಲಿ ಕಾಣುವುದಿಲ್ಲ, ಅದಕ್ಕೇ ಆರಲಿ ಎಂದದ್ದು. ಅಯೋಡಿನ್ನನ್ನು ನೇರವಾಗಿ ಬಟ್ಟೆಯ ಮೇಲೆ ಮಾತ್ರ ಹಾಕಬೇಡಿ, ಕಲೆ ಬಿಡಿಸಲು ಮತ್ತೆ ಅದೇ ಅಂಗಡಿಗೆ ಹೋಗಬೇಕಾದೀತು.

ಗಂಜಿ ಹಾಕಿದ್ದು ಖಚಿತವಿರುವ ಒಂದು ಶರ್ಟನ್ನೂ ಜೊತೆಗೆ ಪರೀಕ್ಷಿಸಿ, ಹೋಲಿಕೆಗೆ ಬೇಕು. ಸಿಂತೆಟಿಕ್ ಗಂಜಿ ಬಳಸುವ ಅಂಗಡಿಯಾದರೆ ಈ ಪರೀಕ್ಷೆಯನ್ನು ನೆಚ್ಚಲಾಗದು.

ಬಿಸಿ ಇಸ್ತ್ರಿ
ಅರವತ್ತು ರೂಪಾಯಿಗೆ ರಸಾಯನಶಾಸ್ತ್ರ!

ಪ್ರಯೋಗಶಾಲೆ
ಅರವತ್ತಲ್ಲ, ತೊಂಬತ್ತು. ಆ ಅರವತ್ತರ ಮೇಲೂ ಅರ್ಜೆಂಟ್ ಮೂವತ್ತು ಹಾಕಿದ್ದಾರೆ.

ಮೂರನೇ ಮಹಡಿ
ಮಾಡಿಯೇಬಿಟ್ಟೆ. ಐದು ಲೋಟ ಸಾಲಾಗಿ ಇಟ್ಟೆ, ಮನೆಯವಳು ಔಷಧದಂಗಡಿ ತೆರೆದಿದ್ದೀರಾ ಎಂದು ಕೇಳಿದಳು. ಸಮಾರಂಭಕ್ಕೆ ಹಾಕಿದ್ದ ಬಿಳಿ ಶರ್ಟ್ ಒಂದನ್ನು ಇನ್ನೂ ಒಗೆಯಲು ಹಾಕಿರಲಿಲ್ಲ, ಅದರ ನೀರು ಹನಿ ಬಿದ್ದ ತಕ್ಷಣ ಶಾಯಿಯಂತೆ ನೀಲಿಯಾಯಿತು. ಮಿಕ್ಕ ನಾಲ್ಕರಲ್ಲಿ ಮೂರು ತಿಳಿ ಹಳದಿ. ಕಡು ನೀಲಿ ಶರ್ಟಿನ ನೀರಿನಲ್ಲಿ ಮೊದಲೇ ಸ್ವಲ್ಪ ಬಣ್ಣ ಬಿಟ್ಟಿತ್ತು, ಅದೊಂದು ನನಗೆ ಖಚಿತವಿಲ್ಲ. ಉಳಿದ ಮೂರಕ್ಕೆ ಗಂಜಿ ಮುಟ್ಟಿಸಿಯೇ ಇಲ್ಲ.

ಲೆಕ್ಕದ ಪುಸ್ತಕ
ಹಾಗಾದರೆ ನನ್ನ ಲೆಕ್ಕ ಹೀಗೆ. ಬಟ್ಟೆ 1010, ಗಂಜಿ 110, ಪಿಕಪ್ 60. ಅರ್ಜೆಂಟ್ ನಾಲ್ಕು ಬಟ್ಟೆಗೆ ಮಾತ್ರ: ಸೀರೆ 200, ಶರ್ಟ್ 60, ಒಟ್ಟು 260ರ ಅರ್ಧ 130. ಎಲ್ಲ ಸೇರಿ 1310. ನಿಮಗೆ 595 ವಾಪಸ್ ಬರಬೇಕು.

ಹಳೇ ಕೌಂಟರ್
ಒಂದು ಕಡೆ ನಾನು ಅಂಗಡಿಯವನ ಪಕ್ಷ ವಹಿಸಬೇಕಾಗಿದೆ. ಆ ನಾಲ್ಕು ಬಟ್ಟೆಯ ಗಂಜಿಯ ಮೇಲೂ ಅರ್ಜೆಂಟ್ ಹಾಕಿದರೆ ಅದು ಅನ್ಯಾಯವಲ್ಲ. ಗಂಜಿಯನ್ನು ದಿನಕ್ಕೊಮ್ಮೆ ಕಾಯಿಸಿ, ಸೋಸಿ, ಆ ದಿನದ ಗಂಜಿ ಬಟ್ಟೆಗಳನ್ನೆಲ್ಲ ಒಂದೇ ಸಲ ಅದ್ದುವುದು ನಮ್ಮಲ್ಲಿದ್ದ ಕ್ರಮ. ಕೊನೆಯ ಸಲ ಜಾಲಾಡಿದ ಮೇಲೆ ಅದ್ದಿ, ಹಿಂಡಿ, ಒಣಗಿಸಿ, ಮತ್ತೆ ನೀರು ಚಿಮುಕಿಸಿ ಸುತ್ತಿಟ್ಟು, ಇನ್ನೂ ಹಸಿಯಿರುವಾಗಲೇ ಇಸ್ತ್ರಿ ಮಾಡಬೇಕು. ಗಂಜಿ ಸೀರೆಯ ಇಸ್ತ್ರಿಗೆ ಸಾದಾ ಸೀರೆಯ ಎರಡರಷ್ಟು ಹೊತ್ತು ಬೇಕು, ಪೆಟ್ಟಿಗೆ ಸ್ವಲ್ಪ ಹೆಚ್ಚು ಕಾದರೂ ಕಂದು ಮಚ್ಚೆ. ನಾಲ್ಕು ಬಟ್ಟೆಗಾಗಿ ಬೇರೆಯಾಗಿ ಗಂಜಿ ಕಾಯಿಸಿದ್ದರೆ ಅದೂ ಸರದಿ ಮುರಿದ ಕೆಲಸವೇ. ಹಾಗಾಗಿ 260ಕ್ಕೆ 110 ಸೇರಿಸಿ, 370ರ ಅರ್ಧ 185 ಎನ್ನುವುದು ನನ್ನ ಲೆಕ್ಕ. ಒಟ್ಟು 1365.

ಲೆಕ್ಕದ ಪುಸ್ತಕ
ಒಪ್ಪುವುದಿಲ್ಲ. ಗಂಜಿಗೆ ಬೇರೆ ಶುಲ್ಕ ಹಾಕಿದ ಮೇಲೆ ಆ ಶ್ರಮಕ್ಕೆ ಹಣ ಸಂದಿದೆ. ದರಪಟ್ಟಿಯಲ್ಲಿ "ಅರ್ಜೆಂಟ್: ಒಗೆಯುವ ದರದ ಮೇಲೆ 50%" ಎಂದು ಬರೆದಿದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ.

ಮೂರನೇ ಮಹಡಿ
ಪಟ್ಟಿಯಲ್ಲಿ "ಅರ್ಜೆಂಟ್ 50% ಹೆಚ್ಚು" ಎಂದಷ್ಟೇ ಇದೆ. ಯಾವುದರ ಮೇಲೆ ಎಂದು ಇಲ್ಲ.

ಹಳೇ ಕೌಂಟರ್
ಅದೇ ಮೂಲ ರೋಗ.

ಸುಕನ್ಯಾ
ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನಾದರೂ ಇದೆಯೇ? ಎಷ್ಟೋ ಕಡೆ ಇಂತಿಷ್ಟು ಮೊತ್ತ ದಾಟಿದರೆ ಪಿಕಪ್ ಉಚಿತ.

ಮೂರನೇ ಮಹಡಿ
ಅಯ್ಯೋ, ಇದೆ. "1000 ರೂ. ಮೀರಿದ ಆರ್ಡರಿಗೆ ಪಿಕಪ್ ಉಚಿತ." ಹಾಗಾದರೆ ಅರವತ್ತೂ ಹೋಯಿತು. ಆದರೆ ಈಗ ಇನ್ನೊಂದು ಸಂಕಟ. ಪಟ್ಟಿ ಓದುವಾಗಲೇ ಕಂಡದ್ದು: ಸಿಂಗಲ್ ಬೆಡ್‌ಶೀಟಿಗೆ 45 ಇದೆ. ನಮ್ಮವು ಎರಡೂ ಸಿಂಗಲ್ ಮಂಚದವು, ಅವರು ಡಬಲ್ ಎಂದು 60 ಹಾಕಿದ್ದಾರೆ. ಅದನ್ನೂ ಸರಿಪಡಿಸಿ ಎಂದರೆ ಬಟ್ಟೆಯ ಮೊತ್ತ 1010ರಿಂದ 980ಕ್ಕೆ ಇಳಿಯುತ್ತದೆ.

ಲೆಕ್ಕದ ಪುಸ್ತಕ
ಹಹ್ಹಾ. ಮೂವತ್ತು ಕೇಳಲು ಹೋಗಿ ಅರವತ್ತು ಕಳೆದುಕೊಳ್ಳುತ್ತೀರಿ. ಬೆಡ್‌ಶೀಟಿನ ವಿಷಯ ಎತ್ತದಿದ್ದರೆ ನಿಮಗೆ ಮೂವತ್ತು ರೂಪಾಯಿ ಲಾಭ.

ಸುಕನ್ಯಾ
ಸಾವಿರ ಎನ್ನುವುದು ಬಟ್ಟೆಯ ಮೊತ್ತಕ್ಕೋ, ಗಂಜಿ ಸೇರಿದ ಮೊತ್ತಕ್ಕೋ? 980ಕ್ಕೆ 110 ಸೇರಿಸಿದರೆ 1090. ಆಗ ಉಚಿತವೇ.

ದೊಡ್ಡ ಚೀಲ
ಒಂದು ನಿಮಿಷ. ಅರ್ಜೆಂಟ್ ಲೆಕ್ಕಕ್ಕೆ ಬಂದಾಗ ಗಂಜಿ ಒಗೆಯುವುದರಲ್ಲಿ ಸೇರಿಲ್ಲ ಎನ್ನುತ್ತೀರಿ, ಪಿಕಪ್ ಉಚಿತವಾಗಬೇಕಾದಾಗ ಗಂಜಿ ಸೇರಬೇಕು ಎನ್ನುತ್ತೀರಿ. ಅಂಗಡಿಯವನು ಹೀಗೆ ಮಾಡಿದ್ದರೆ ಕಳ್ಳ ಎನ್ನುತ್ತಿದ್ದಿರಿ.

ಲೆಕ್ಕದ ಪುಸ್ತಕ
ಗಂಜಿ ಸೇರಬೇಕು ಎಂದದ್ದು ಸುಕನ್ಯಾ ಅವರು, ನಾನಲ್ಲ.

ಸುಕನ್ಯಾ
ಅರ್ಜೆಂಟಿನ ಬಗ್ಗೆ ನಾನು ಏನೂ ಹೇಳಿಲ್ಲ!

ಹಳೇ ಕೌಂಟರ್
ದೊಡ್ಡ ಚೀಲ ಅವರು ಈ ಸಲ ಸರಿಯಾಗಿ ಹಿಡಿದಿದ್ದಾರೆ. ಗಂಜಿಯನ್ನು ಎರಡೂ ಕಡೆ ಸೇರಿಸಿ, ಇಲ್ಲವೇ ಎರಡೂ ಕಡೆ ಬಿಡಿ. ಸಿಂಗಲ್ ಬೆಡ್‌ಶೀಟ್ ಹಿಡಿದು ನೋಡಿದರೆ, ಸೇರಿಸಿದಾಗ 980, 110, 185, ಪಿಕಪ್ ಇಲ್ಲ, ಒಟ್ಟು 1275. ಬಿಟ್ಟಾಗ 980, 110, 130, ಪಿಕಪ್ 60, ಒಟ್ಟು 1280. ನೀವು ಇಷ್ಟು ಹೊತ್ತು ಕಾದಾಡಿದ್ದು ಐದು ರೂಪಾಯಿಗೆ.

ಬಿಸಿ ಇಸ್ತ್ರಿ
ಮತ್ತೆ ಹೇಳುತ್ತೇನೆ, ಕಿಲೋ.

ಪ್ರಯೋಗಶಾಲೆ
ಹೋಗುವಾಗ ಲೋಟಗಳನ್ನೂ ಒಯ್ಯುತ್ತೀರಾ?

ಮೂರನೇ ಮಹಡಿ
ಹೋಗಿ ಬಂದೆ. ಲೋಟ ಒಯ್ಯಲಿಲ್ಲ, ಹಳದಿ ಚೀಟಿಯ ಫೋಟೋ ಮತ್ತು ಶುಕ್ರವಾರದ ಡೆಲಿವರಿ ಸಂದೇಶ ಒಯ್ದೆ. ಮಾಲೀಕರು ಜಗಳ ಆಡಲಿಲ್ಲ. ಹಳದಿ ಚೀಟಿ ನೋಡಿದ ಕೂಡಲೇ ಹುಡುಗನನ್ನು ಕರೆದು "ಇದನ್ನು ಕೀಳದೆ ಕಳಿಸಿದ್ದು ಯಾರು?" ಎಂದು ಕೇಳಿದರು. ಅವರ ಸಿಟ್ಟು ಬಿಲ್ಲಿನ ಮೇಲಲ್ಲ, ಚೀಟಿಯ ಮೇಲೆ ಎಂದು ನನಗನ್ನಿಸಿತು.

ಗಂಜಿ ವಿಷಯಕ್ಕೆ ನನ್ನ ಪ್ರಯೋಗವನ್ನು ಹೇಳಬೇಕಾಗಿಯೇ ಬರಲಿಲ್ಲ. ಹುಡುಗ ಬರೆದುಕೊಂಡಿದ್ದ ಚೀಟಿಯಲ್ಲಿ "ಶರ್ಟ್ ಗಂಜಿ" ಎಂದಷ್ಟೇ ಇತ್ತು, ಸಂಖ್ಯೆ ಇರಲಿಲ್ಲ. ಬಿಲ್ ಮಾಡಿದವನು ಆರೂ ಶರ್ಟಿಗೆ ಹಾಕಿದ್ದಾನೆ. ಒಳಗೆ ಗಂಜಿ ಹಾಕುವವನಿಗೆ ಮಾತ್ರ ಬೇರೆ ಚೀಲ ಸಿಕ್ಕಿತ್ತು, ಅವನು ನಾಲ್ಕಕ್ಕೇ ಹಾಕಿದ್ದಾನೆ.

ಹೊಸ ಲೆಕ್ಕ ಬರೆದುಕೊಟ್ಟರು: ಬಟ್ಟೆ 1010, ಗಂಜಿ 110, ಪಿಕಪ್ 60, ಅರ್ಜೆಂಟ್ 185, ಒಟ್ಟು 1365. ಹಳೇ ಕೌಂಟರ್ ಅವರ ಲೆಕ್ಕ ಅಕ್ಷರಶಃ ಅದೇ. ಪಿಕಪ್ ಉಚಿತ ಎಂಬ ಸಾಲು ತೋರಿಸಿದರೆ, ಅದು ಅರ್ಜೆಂಟ್ ಇಲ್ಲದ ಆರ್ಡರಿಗೆ ಮಾತ್ರ ಎಂದರು. ಹಾಗೆಂದು ಎಲ್ಲಿ ಬರೆದಿದೆ ಎಂದೆ. "ಬರೆಯಬೇಕು ಸರ್" ಎಂದರು. 540 ರೂಪಾಯಿಯನ್ನು ಕೈಗೆ ಕೊಡಲಿಲ್ಲ, ಮುಂದಿನ ಬಿಲ್ಲಿನಲ್ಲಿ ಕಳೆಯುತ್ತಾರಂತೆ.

ಲೆಕ್ಕದ ಪುಸ್ತಕ
ಜಮೆಯನ್ನು ಬಿಲ್ಲಿನ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಂಡಿರಾ? ಎಂದಿನವರೆಗೆ ನಡೆಯುತ್ತದೆ ಎಂದು ಕೇಳಿದಿರಾ?

ಮೂರನೇ ಮಹಡಿ
ಸಹಿ ಇದೆ, ಅವಧಿ ಕೇಳಲಿಲ್ಲ.

ನೀಲಿ ಬಕೆಟ್
ಅಂದರೆ ಮತ್ತೆ ಅಲ್ಲಿಗೇ ಹೋಗಬೇಕು. ಜಾಣ ಮಾಲೀಕ.

ಸುಕನ್ಯಾ
ಬೆಡ್‌ಶೀಟ್?

ಮೂರನೇ ಮಹಡಿ
ಪಿಕಪ್ ಉಚಿತವಾಗುತ್ತದೆ ಎಂಬ ಆಸೆಗೆ ಬೆಡ್‌ಶೀಟಿನ ಬಗ್ಗೆ ಬಾಯಿ ಬಿಡಲಿಲ್ಲ. ಅರವತ್ತು ಹಿಡಿದದ್ದು ಗೊತ್ತಾದಾಗ ಹೊಸ ಚೀಟಿಗೆ ಮೊಹರು ಬಿದ್ದಾಗಿತ್ತು. ಈಗ ಮೂವತ್ತು ರೂಪಾಯಿಗೆ ಇನ್ನೊಮ್ಮೆ ಮೆಟ್ಟಿಲು ಹತ್ತಲು ಮುಖವಿಲ್ಲ.